ಬಿಗಿಯಾಗಿ ಎಳೆದ ರಫೂ

ಮುಳಬಾಗಿಲಿನಲ್ಲಿ ರಫೂ ಅಂದರೆ ಮುರಳಿಮೋಹನ್ ಮಾಸ್ಟರ್ ಅಂಗಡಿ. ಹೆಸರು ಅವನದು, ಕೈ ರಜನಿಯದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ, ಆರು ವರ್ಷದಿಂದ ಪರದೆಯ ಹಿಂದೆ ಕೂತು ಹರಿದ ಬಟ್ಟೆಗೆ ದಾರದಿಂದಲೇ ಹೊಸ ಬಟ್ಟೆ ನೇಯುತ್ತಿದ್ದಳು.

ಅವತ್ತು ಕೋಲಾರದಿಂದ ಮಾಧವಿ ಬಂದಳು. ಕೈಮಗ್ಗದ ಬಟ್ಟೆ ಅಂಗಡಿಯವಳು. ಕೈಯಲ್ಲಿ ಬೂದು ಬಣ್ಣದ ಪ್ಯಾಂಟು. ಮೊಣಕಾಲಿನ ಮೇಲೆ ಇದೇ ಅಂಗಡಿಯಲ್ಲಿ ಹಾಕಿದ ಕೆಂಪು, ಅರಿಶಿನ ದಾರದ ರಫೂ ಎದ್ದು ಕಾಣುತ್ತಿತ್ತು.

"ಹರಿದದ್ದನ್ನ ಮುಚ್ಚಿಡೋರು ಬೇಕಾದಷ್ಟು ಜನ ಇದಾರೆ. ಹೀಗೆ ಕಾಣೋ ಹಾಗೇ ಚೆನ್ನಾಗಿ ಹೊಲಿಯೋರು ಸಿಗಲ್ಲ. ಯಾರ ಕೈ ಇದು ಮಾಸ್ಟ್ರೇ?"

ಮಾಸ್ಟರ್ ತನ್ನ ಕೈಯನ್ನೇ ಮುಂದೆ ಚಾಚಿದ. "ಇದೇ ಕೈ ಮೇಡಂ. ಸೂಜಿ ಹಿಡಿದು ಮೂವತ್ತು ವರ್ಷ ಆಯ್ತು." ಪರದೆ ಕಡೆ ತಿರುಗಿ, "ಏಯ್, ಮೇಡಂಗೆ ಟೀ ತಗೊಂಡ್ ಬಾರೇ," ಅಂದ. "ಗುಂಡಿಗೆ ಕಾಜಾ ಹಾಕೋ ಹುಡುಗಿ. ಅಷ್ಟೇನೂ ಬರಲ್ಲ."

ರಜನಿ ಟೀ ತಂದುಕೊಟ್ಟಳು. ತಾನೇ ಹಾಕಿದ ಹೊಲಿಗೆಯ ಮೇಲೆ ಮಾಸ್ಟರ್ ಬೆರಳಾಡಿಸುವುದನ್ನು ನೋಡಿದಳು. ಪರದೆಯನ್ನು ಜೋರಾಗಿ ಎಳೆದುಕೊಂಡು ಒಳಗೆ ಹೋದಳು.

"ಹಾಗಾದ್ರೆ ಭಾನುವಾರ ನಮ್ಮ ಅಂಗಡಿಗೇ ಬನ್ನಿ. ಗಿರಾಕಿಗಳ ಎದುರಿಗೇ ಕೂತು ಹೊಲಿದು ತೋರಿಸಿ," ಅಂದಳು ಮಾಧವಿ. ಮಾಸ್ಟರ್ ಹೂಂ ಅನ್ನಬೇಕಾಯ್ತು.

ಅವಳು ಹೋದದ್ದೇ ತಡ, ಪರದೆ ಸರಿಸಿ ಒಳಗೆ ಬಂದ. "ಅಮ್ಮೀ, ಅದು ಹೆಂಗೆ ಹಾಕ್ತೀಯ, ಒಂದ್ಸಲ ತೋರ್ಸು."

ರಜನಿ ತೋರಿಸಿದಳು. ತೂತಿನ ಕೆಳಗೆ ಹಳೆ ಬಟ್ಟೆಯ ತುಂಡು. ಅದರ ಮೇಲೆ ಉದ್ದುದ್ದ ಎಳೆ, ಒಂದರ ಪಕ್ಕ ಒಂದು. ಆಮೇಲೆ ಅಡ್ಡ ಎಳೆ, ಒಂದರ ಮೇಲೆ, ಒಂದರ ಕೆಳಗೆ. ಮುಂದಿನ ಸಾಲಿಗೆ ಅದರ ತಿರುಗಾಮುರುಗಾ. ಅದರ ಮೇಲೆ ಬೇರೆ ಬಣ್ಣದಲ್ಲಿ ಓರೆಯಾಗಿ ಇನ್ನೊಂದು ಪದರ. ಇಷ್ಟೂ ನಿಜವನ್ನೇ ಹೇಳಿದಳು.

ಎರಡು ಮಾತು ಮಾತ್ರ ಸುಳ್ಳು.

"ತುಂಡು, ಹೊಲಿಗೆ ಎರಡೂ ತೂತಿನ ಅಂಚಿಗೇ ನಿಲ್ಲಬೇಕು ಮಾಸ್ಟ್ರೇ. ಆಗಲೇ ಚೆಂದ. ದಾರ ಬಿಗಿಯಾಗಿ ಎಳೀರಿ, ತಮಟೆ ಥರ."

ಅವಳು ತಾನು ಹಾಕುವಾಗ ಸವೆದ ಜಾಗ ದಾಟಿ, ಗಟ್ಟಿ ಬಟ್ಟೆಯೊಳಗೆ ಎರಡು ಬೆರಳಿನಷ್ಟು ಹೋಗಿಯೇ ತಿರುಗುತ್ತಿದ್ದಳು. ತಿರುಗುವ ಕಡೆಯೆಲ್ಲ ದಾರವನ್ನು ಸಣ್ಣ ಕುಣಿಕೆಯಾಗಿ ಸಡಿಲ ಬಿಡುತ್ತಿದ್ದಳು, ಮೊಣಕಾಲು ಮಡಿಸಿದಾಗ ಬಟ್ಟೆ ಎಳೆದಾಡಬಾರದೆಂದು. ಮಾಸ್ಟರ್‌ಗೆ ಅನುಮಾನವೇ ಬರಲಿಲ್ಲ. ಜನ್ಮವೆಲ್ಲ ಮಿಷನ್‌ನಲ್ಲಿ ಜಗ್ಗಿ ಜಗ್ಗಿ ಹೊಲಿದವನು. ಬಿಗಿ ಅಂದರೆ ಗಟ್ಟಿ ಅಂತಲೇ ಅವನ ಲೆಕ್ಕ.

ಭಾನುವಾರ ದಾರದ ಡಬ್ಬಿ ಹೊರಲು ರಜನಿಯನ್ನೂ ಕರೆದುಕೊಂಡು ಹೋದ. ಶ್ರೀನಿವಾಸಪುರದ ಉಮಾಶಂಕರ್ ಎಂಬಾತ ಪ್ಯಾಂಟು ತಂದಿದ್ದ. ಮಾವಿನ ನರ್ಸರಿಯಲ್ಲಿ ದಿನವಿಡೀ ಮೊಣಕಾಲೂರಿ ಕಸಿ ಕಟ್ಟುವವನು. ಹಿಂದೆ ಹಾಕಿದ್ದ ತೇಪೆಯೂ ಸವೆದು ಜಾಲರಿಯಾಗಿತ್ತು. ಪ್ಯಾಂಟು ಕೊಟ್ಟು, ಪಂಚೆ ಸುತ್ತಿಕೊಂಡು ಕೂತ.

ಹತ್ತು ಗಂಟೆಗೆ ಕೂತ ಮಾಸ್ಟರ್ ಎದ್ದಾಗ ಎರಡೂವರೆ. ನೋಡಲು ಚೆಂದವಾಗಿತ್ತು, ಕೆಂಪು, ಹಸಿರು ಚೌಕ, ಹಲಗೆಯಂತೆ ಸೆಟೆದು ನಿಂತಿತ್ತು. ಜನ ಫೋಟೋ ತೆಗೆದರು. ಮೂಲೆಯಲ್ಲಿ ರಜನಿ ಕಾದಳು.

ಉಮಾಶಂಕರ್ ಪ್ಯಾಂಟು ಹಾಕಿಕೊಂಡು ಬಂದ. "ಕಸಿ ಕಟ್ಟೋಕೆ ಹಿಂಗೆ ಕೂರ್ತೀನಕ್ಕಾ," ಎಂದು ಮಾಧವಿಗೆ ಹೇಳಿ ಎಲ್ಲರ ಮುಂದೆ ಮೊಣಕಾಲೂರಿದ.

ಪರ್ರ್!

ಚೌಕಕ್ಕೆ ಏನೂ ಆಗಿರಲಿಲ್ಲ. ಅದರ ಸುತ್ತಲಿನ ಸವೆದ ಬಟ್ಟೆಯೇ ಮೂರು ಕಡೆ ಕಿತ್ತು, ಚೌಕ ಕಿಟಕಿ ಬಾಗಿಲಿನ ಹಾಗೆ ನೇತಾಡಿತು.

"ಸ್ವಾಮೀ, ಗಾಳಿಗೆ ಅನುಕೂಲ ಮಾಡ್ಕೊಟ್ರಿ!" ಅಂದ ಉಮಾಶಂಕರ್. ಅಂಗಡಿ ತುಂಬ ನಗು.

ಮಾಸ್ಟರ್ ಮುಖ ಕಪ್ಪಿಟ್ಟಿತು. ಗರ್ರನೆ ಮೂಲೆಗೆ ತಿರುಗಿದ. "ಲೇ! ಅಂಚಿಗೇ ನಿಲ್ಸಿ, ಬಿಗಿಯಾಗಿ ಎಳೀರಿ ಅಂತ ಹೇಳ್ಕೊಟ್ಟಿದ್ದು ನೀನೇ ಅಲ್ವೇನೇ?"

ನಗು ನಿಂತಿತು. ಮಾಧವಿ ಅವನನ್ನೇ ನೋಡಿದಳು. "ಮೂವತ್ತು ವರ್ಷದ ಕೈಗೆ ಕಾಜಾ ಹುಡುಗಿ ಹೇಳ್ಕೊಡ್ಬೇಕಾಯ್ತಾ ಮಾಸ್ಟ್ರೇ?"

ಇದೇ ಮಾತಿಗೆ ರಜನಿ ನಾಲ್ಕು ರಾತ್ರಿ ಕಾದಿದ್ದಳು. ಮೂಲೆಯಿಂದ ಮುಂದೆ ಬಂದಳು. "ನಾನೇ ಹೇಳಿದ್ದು. ತಪ್ಪಾಗಿ ಹೇಳ್ದೆ, ಬೇಕೂ ಅಂತಲೇ. ಆ ಬೂದು ಪ್ಯಾಂಟಿನ ಹೊಲಿಗೆ ನಂದು."

"ನಿಮ್ಮ ಜಗಳಕ್ಕೆ ನನ್ ಪ್ಯಾಂಟೇ ಬೇಕಿತ್ತೇನಮ್ಮಾ?" ಅಂದ ಉಮಾಶಂಕರ್. ಅದೊಂದಕ್ಕೆ ಮಾತ್ರ ಅವಳು ತಲೆ ತಗ್ಗಿಸಿದಳು.

"ಬಿಚ್ಚಿ ಕೊಡಿ ಅಣ್ಣ, ಸರಿಮಾಡ್ತೀನಿ."

ಮಾಸ್ಟರ್ ಎದ್ದ ಕುರ್ಚಿಯಲ್ಲೇ ಕೂತಳು. ಬ್ಲೇಡಿನಲ್ಲಿ ಒಂದೇ ಸಲ ಕೊಯ್ದು ಎಸೆಯಬಹುದಿತ್ತು. ಹಾಗೆ ಮಾಡಲಿಲ್ಲ. ಸೂಜಿಯ ಮೊನೆಯಿಂದ ಅವನ ಹೊಲಿಗೆಯನ್ನು ಎಳೆ ಎಳೆಯಾಗಿ, ನಿಧಾನವಾಗಿ, ಅವನಿಗೆ ಕಾಣುವ ಹಾಗೆ ಬಿಚ್ಚತೊಡಗಿದಳು. ಕಿತ್ತ ದಾರವನ್ನೆಲ್ಲ ಮೇಜಿನ ಮೇಲೆ ಅವನ ಕಡೆಗೇ ಗುಡ್ಡೆ ಹಾಕಿದಳು.

"ಬಸ್ಸಿಗೆ ಹೊತ್ತಾಯ್ತು, ಏಳು," ಅಂದ ಮಾಸ್ಟರ್, ಮೆಲ್ಲಗೆ.

"ನೀವು ಹೋಗಿ ಮಾಸ್ಟ್ರೇ," ಅಂದಳು ರಜನಿ ತಲೆಯೆತ್ತದೆ. "ಇನ್ನೂ ತುಂಬಾ ಕೀಳೋದಿದೆ."