ಆಡದ ಮಾತಿಗೆ ಸಹಿ

ಸಾಫ್ಟ್‌ವೇರ್ ಕಂಪನಿಯ ಪ್ರಚಾರ ವಿಭಾಗದ ಹುಡುಗಿ ಲಾಂಡ್ರಿಗೆ ಬಂದಾಗ ಒಡತಿ ಹೋಟೆಲಿನ ಹಾಸುಬಟ್ಟೆ ಮಡಚುತ್ತಿದ್ದರು. ಬಟ್ಟೆಗಳ ಲೆಕ್ಕವಿಡುವ ತನ್ನ ಸಾಫ್ಟ್‌ವೇರ್ ಕೊಂಡಿದ್ದ ಈ ಲಾಂಡ್ರಿಯ ಯಶಸ್ಸಿನ ಕಥೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಲು ಕಂಪನಿಗೆ ಒಪ್ಪಿಗೆ ಬೇಕಿತ್ತು. ಹೆಸರಿಗೆ, ಲೋಗೋಗೆ, ಫಲಿತಾಂಶಕ್ಕೆ, ಒಡತಿಯ ಮಾತಿಗೆ ಬೇರೆ ಬೇರೆ ಸಹಿ. ಕಥೆಯ ಜೊತೆಗೆ ಆ ಮಾತನ್ನೂ ಹುಡುಗಿ ತಾನೇ ಬರೆದು ತಂದಿದ್ದಳು.

ಒಡತಿ ಕೈ ಒರೆಸಿಕೊಂಡು ಗಟ್ಟಿಯಾಗಿ ಓದಿದರು: “ಈ ಸಾಫ್ಟ್‌ವೇರ್ ಬಂದಮೇಲೆ ಬಟ್ಟೆ ಅದಲುಬದಲಾಗುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ನಾನೀಗ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.”

ಇಸ್ತ್ರಿ ಮಾಡುತ್ತಿದ್ದ ಗಂಡ ಕಿಸಕ್ಕನೆ ನಕ್ಕರು.

“ಇದನ್ನ ನಾನು ಯಾವಾಗ ಹೇಳಿದೆನಮ್ಮಾ?” ಒಡತಿ ಕೇಳಿದರು.

“ಮಾದರಿಗೆ ಅಂತ ಬರೆದಿದ್ದು ಮೇಡಂ, ಬದಲಾಯಿಸಬಹುದು. ಲೆಕ್ಕ ಮಾತ್ರ ನಿಜ. ಮೊದಲ ತಿಂಗಳದ್ದು.”

“ಹೌದು, ಆ ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಕೆಟ್ಟು ಕೂತಿದೆ. ನಿಮ್ಮವರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಈಗ ಕೈಯಲ್ಲೇ ಚೀಟಿ ಬರೀತಿದ್ದೀವಿ.”

ಒಡತಿಯ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಹುಡುಗಿಗೆ ಎಷ್ಟೋ ಹಗುರವಾಗುತ್ತಿತ್ತು. ಬರುವ ಮುಂಚೆ ಒಂದು ಫೋನ್ ಮಾಡಿ ವಿಚಾರಿಸಬೇಕೆಂದೂ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳ ಮುಖ ಕೆಂಪಾಯಿತು.

“ಹೋಗ್ಲಿ ಬಿಡು, ನಿನ್ನ ಕೆಲಸಕ್ಕೆ ಕುತ್ತು ಬರೋದು ಬೇಡ. ಪೆನ್ನು ಕೊಡು, ಸಹಿ ಹಾಕ್ತೀನಿ.”

ಪೆನ್ನು ಚೀಲದಲ್ಲೇ ಇತ್ತು, ತೆಗೆಯಲು ಕೈ ಏಳಲಿಲ್ಲ. “ಬೇಡ ಅಕ್ಕಾ,” ಎಂದು ಹಾಳೆಗಳನ್ನು ವಾಪಸ್ ತೆಗೆದುಕೊಂಡಳು. ಕಂಪ್ಯೂಟರಿನಲ್ಲಿ ಕೆಟ್ಟು ನಿಂತಿದ್ದ ಸಾಫ್ಟ್‌ವೇರಿನ ಪರದೆಯ ಫೋಟೋ ತೆಗೆದು, ಕಂಪನಿಯ ರಿಪೇರಿಯವರಿಗೆ ಅಲ್ಲಿಂದಲೇ ಕಳಿಸಿದಳು.

ಆಫೀಸಿನಲ್ಲಿ ಮ್ಯಾನೇಜರ್ ಕೇಳಿದರು, “ಒಪ್ಪಿಗೆ ಸಿಕ್ತಾ?”

“ಕೊಡ್ತೀನಂದ್ರು ಸಾರ್. ನಾನೇ ತಗೊಳ್ಳಲಿಲ್ಲ,” ಎಂದಳು, ತಲೆ ಎತ್ತದೆ.