ಅಂಚು ಕತ್ತರಿಸಿದ ನಕ್ಷೆ

ಕಳಿಸಿದ ಪಂಪಿನ ಶಾಫ್ಟುಗಳೆಲ್ಲ ಹಿಂದಕ್ಕೆ ಬಂದವು. ವಿಜಾಪುರದ ಜೋರಾಪುರ ಪೇಟೆಯಲ್ಲಿ ಕಾಸಿಮಸಾಬನ ವರ್ಕ್‌ಶಾಪಿನ ಮುಂದೆ ಟಾಂಗಾ ನಿಂತು, ಗೋಣಿಚೀಲಗಳು ಧಡ್ ಧಡ್ ಎಂದು ಕಟ್ಟೆಗೆ ಬೀಳತೊಡಗಿದಾಗ ಒಳಗೆ ಒಂದೊಂದೇ ಲೇತ್ ಸುಮ್ಮನಾಯಿತು. ಟಾಂಗಾದ ಹಿಂದೆಯೇ ಸೈಕಲ್ ಮೇಲೆ ಭಾಗಪ್ಪ ಬಂದ. ಬಬಲೇಶ್ವರ ರಸ್ತೆಯ ಪಂಪ್ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವವನು ಅವನು. ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ನಕ್ಷೆ ಇತ್ತು.

ಸಾವಂತ್ರಿ ಆಗಷ್ಟೇ ತಿಕೋಟಾದಿಂದ ಅಪ್ಪನ ಬುತ್ತಿ ತಂದಿದ್ದಳು. ಅವಳ ಅಪ್ಪ ಅಮೋಘಿ ಆ ವರ್ಕ್‌ಶಾಪಿನ ಹಳೆಯ ಟರ್ನರ್. ಕಬ್ಬಿಣದ ಸರಳನ್ನು ಲೇತಿಗೆ ಕಟ್ಟಿ ಶಾಫ್ಟ್ ಕೊರೆಯುವವನು. ಮಗಳು ನಕ್ಷೆ ಬರೆಯುವ ಕೋರ್ಸು ಮುಗಿಸಿ, ಸರ್ಟಿಫಿಕೇಟನ್ನು ಅಜ್ಜಿ ಬೋರವ್ವನ ಸೀರೆಗಳ ನಡುವೆ ಮಡಿಚಿಟ್ಟು, ಕೆಲಸಕ್ಕೆ ಕಾಯುತ್ತಿದ್ದಳು.

"ಕಾಸಿಮಸಾಬ್ರ, ಇವು ಗುಜರಿಗೂ ಹೊರೆ ಬಿಡ್ರಿ," ಎಂದ ಭಾಗಪ್ಪ, ಒಂದು ಶಾಫ್ಟನ್ನು ಎತ್ತಿ ತೋರಿಸುತ್ತ. "ಎಡಗಡಿ ತುದಿ ಮೋಟಾರಿಗೆ ಜೋಡಿಸೂ ಕಪ್ಲಿಂಗಿನ್ಯಾಗ ಹಲ್ಲು ಬಿದ್ದ ಮುದುಕನ ಬಾಯಿ ಹಂಗ ಅಲ್ಲಾಡ್ತದ. ಬಲಗಡಿ ತುದಿ ನೀರೆತ್ತೂ ಚಕ್ರದಾಗ ಹೋಗೂದ ಇಲ್ಲ."

"ಬಲಗಡಿದು ಮತ್ತ ಕೊರದ್ರ ಆತಲ್ರಿ?" ಎಂದ ಕಾಸಿಮಸಾಬ.

"ಬಲಗಡಿದು ಕೊರೀರಿ. ಎಡಗಡಿ ಕೊರದು ಹಾಕೀರಲ್ಲ, ಅದನ್ನ ಯಾವ ದೇವರು ತಿರುಗಿ ಬೆಳಸ್ತಾನ?"

ಕಾಸಿಮಸಾಬನ ಅಳಿಯ ಕುತುಬುದ್ದೀನ ಮುಂದೆ ಬಂದ. ಡಿಪ್ಲೊಮಾ ಮಾಡಿದವನು, ಕಿಸೆಯಲ್ಲಿ ಸದಾ ಕೆಂಪು ಪೆನ್ಸಿಲ್. ಮದುವೆಯಾದಂದಿನಿಂದ ನಕ್ಷೆ ನೋಡುವ ಕೆಲಸ ಅವನದೇ.

"ನಿಮ್ಮ ಕಾರ್ಖಾನಿಯಿಂದ ಸೂಚನಾ ಬಂದಿತ್ತು. ಬದಲಾದ ನಕ್ಷೆ ಆಮ್ಯಾಲೆ ಬರ್ತದ, ಈಗ ಬರೇ ಇದೊಂದ ತಿದ್ಕೋರಿ ಅಂತ. ನಕ್ಷೆಯ ಎರಡು-ಬಿ ಕೋಣಿಯೊಳಗ ಇಪ್ಪತ್ತೈದು ಮಿಲಿಮೀಟರ್ ಇದ್ದದ್ದು ಇಪ್ಪತ್ನಾಕು ಆಗ್ಯಾದ ಅಂತ. ನಾ ಬೋರ್ಡಿನ ಮ್ಯಾಲೆ ಗುರುತು ಮಾಡಿ ಕೊಟ್ಟೀನಿ. ತಪ್ಪಾಗಿದ್ರ ಕೊರದವನ್ನ ಕೇಳ್ರಿ, ಇಲ್ಲಂದ್ರ ಸೂಚನಾ ಕಳಿಸಿದವರನ್ನ ಕೇಳ್ರಿ."

"ಗುರುತು ಮಾಡಿದ ತುದೀನ ನಾ ಕೊರದೀನ್ರಿ," ಎಂದ ಅಮೋಘಿ. ಎಣ್ಣೆಗೈಯನ್ನು ಚಿಂದಿಯಿಂದ ಒರೆಸುತ್ತ ಗದ್ದದಿಂದ ಗೋಡೆಯತ್ತ ತೋರಿಸಿದ.

ಗೋಡೆಗೆ ಹಲಗೆಗಳಿದ್ದವು. ಕಾಸಿಮಸಾಬನ ವರ್ಕ್‌ಶಾಪಿನ ಪದ್ಧತಿ ಅದು: ಕಾರ್ಖಾನೆಯಿಂದ ನಕ್ಷೆ ಬಂದರೆ ಅದರ ನಾಲ್ಕೂ ಅಂಚು ಕತ್ತರಿಸಿ, ಹಲಗೆಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿಯುವುದು. ಎಣ್ಣೆ ತಾಗಿದರೂ ಒರೆಸಿದರೆ ಸಾಕು. ಶಾಫ್ಟಿನ ಹಲಗೆ ಹಾಗೆಯೇ ಹೊಳೆಯುತ್ತಿತ್ತು. ಹಾಳೆಯ ನಡುವೆ ಮಲಗಿಸಿ ಬರೆದ ಶಾಫ್ಟಿನ ಎರಡೂ ತುದಿಗೆ ಇಪ್ಪತ್ತೈದು ಎಂದೇ ಇತ್ತು. ಎಡಗಡೆಯ ಇಪ್ಪತ್ತೈದನ್ನು ಮಾತ್ರ ಕೆಂಪು ಪೆನ್ಸಿಲಿನಿಂದ ಹೊಡೆದು, ಇಪ್ಪತ್ತನಾಲ್ಕು ಎಂದು ಬರೆಯಲಾಗಿತ್ತು.

ಭಾಗಪ್ಪ ಮೂಗು ಮುರಿದ. "ನಮ್ಮ ಕಾರ್ಖಾನಿ ಸೂಚನಾ ತಪ್ಪು ಅಂತ ನಾ ಹೋಗಿ ಹೇಳಿದ್ರ ನಾಳಿಯಿಂದ ನಿಮಗ ಒಂದ ಬೋಲ್ಟೂ ಬರೂದಿಲ್ಲ. ನನಗ ವರದಿಯೊಳಗ ಒಂದು ಹೆಸರು ಬೇಕು. ಆ ಹೆಸರಿನವ ಇನ್ನ ನಮ್ಮ ಮಾಲು ಮುಟ್ಟಂಗಿಲ್ಲ. ಅಷ್ಟ."

ಅಷ್ಟೇ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ವರ್ಕ್‌ಶಾಪಿಗೆ ಬರುತ್ತಿದ್ದುದೆಲ್ಲ ಆ ಕಾರ್ಖಾನೆಯ ಮಾಲೇ. ಅದನ್ನು ಮುಟ್ಟದವನಿಗೆ ಅಲ್ಲಿ ಕೆಲಸವೇ ಇಲ್ಲ. ಹೊಲವಿಲ್ಲದ ಅಮೋಘಿಗೆ ಲೇತೇ ಹೊಲ.

"ಆ ಹೊಸಾ ನಕ್ಷೆ ಒಂದೀಟು ಕೊಡ್ರಿ ಕಾಕಾ," ಎಂದಳು ಸಾವಂತ್ರಿ.

"ಇಕಿ ಯಾರು?"

"ನನ್ನ ಮಗಳ್ರಿ. ನಕ್ಷೆ ಕಲತಾಳ."

"ನೋಡು ತಂಗಿ, ನೋಡು. ನೋಡಿದ್ರ ಸವೆಯೂದಿಲ್ಲ."

ಅವಳು ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಹಿಂದಕ್ಕೆ ಬಂದ ಶಾಫ್ಟುಗಳನ್ನೇ ಭಾರ ಇಟ್ಟಳು. ನಕಲು ತೆಗೆಯುವಾಗ ಹಾಯಿಸಿದ ಅಮೋನಿಯಾದ ಘಾಟು ಇನ್ನೂ ಆರಿರಲಿಲ್ಲ. ಅಂಚು ಕತ್ತರಿಸದ ಇಡೀ ಹಾಳೆ. ಬೋರವ್ವನ ಕತೆಗಳಲ್ಲಿ ಹನ್ನೆರಡು ಕೋಣೆಯ ಅರಮನೆ ಇರುತ್ತಿತ್ತು. ಒಂದು ಕೋಣೆಯಲ್ಲಿ ರಾಕ್ಷಸನ ಜೀವ, ಉಳಿದವುಗಳಲ್ಲಿ ಬರೀ ದೂಳು. ಕೋರ್ಸಿನಲ್ಲಿ ಮೊದಲ ಸಲ ಇಂಥ ಹಾಳೆ ಕಂಡಾಗ ಅವಳಿಗೆ ನೆನಪಾದದ್ದು ಆ ಅರಮನೆಯೇ. ಮೇಲಂಚಿನುದ್ದಕ್ಕೂ ನಾಲ್ಕು ಅಂಕಿ, ಪಕ್ಕದಂಚಿನಲ್ಲಿ ಮೂರು ಅಕ್ಷರ. ಅಂಕಿಯಿಂದ ಕೆಳಗಿಳಿದು ಅಕ್ಷರದಿಂದ ಅಡ್ಡ ಬಂದರೆ ಎರಡೂ ಕೂಡುವಲ್ಲಿ ಒಂದು ಕೋಣೆ.

ಮೊದಲು ಕೆಳಗಿನ ಬಲಮೂಲೆ ನೋಡಿದಳು. ನಕ್ಷೆಯ ಸಂಖ್ಯೆ ಹಲಗೆಯದ್ದೇ. ಹಲಗೆಯ ಮೇಲೆ ಆವೃತ್ತಿ ಎ, ಇದರ ಮೇಲೆ ಆವೃತ್ತಿ ಬಿ. ಆಮೇಲೆ ಮೇಲಿನ ಬಲಮೂಲೆಯ ಸಣ್ಣ ಕೋಷ್ಟಕ: ಆವೃತ್ತಿ, ಕೋಣೆ, ಬದಲಾವಣೆ, ತಾರೀಕು, ಸಹಿ. ಮೊದಲ ಸಾಲಿನಲ್ಲಿ ಎ, ಹೊಸದಾಗಿ ಹೊರಟದ್ದು. ಎರಡನೆಯ ಸಾಲಿನಲ್ಲಿ ಬಿ, ಕೋಣೆ 2-ಬಿ, ಇಪ್ಪತ್ತೈದು ಇದ್ದದ್ದು ಇಪ್ಪತ್ತನಾಲ್ಕು.

"ಸೂಚನಾ ತಪ್ಪಿಲ್ಲ. ಕೋಷ್ಟಕದಾಗ ಇದ್ದದ್ದನ್ನ ಕಳಿಸ್ಯಾರ," ಎಂದಳು.

"ಮತ್ತ? ನಾ ಹೇಳಿದ್ದೂ ಅದ," ಎಂದ ಕುತುಬುದ್ದೀನ. "ಇವರ ಹಾಳಿ ಯಾವಾಗ್ಲೂ ನಾಕು ಅಡ್ಡ, ಮೂರು ಉದ್ದ. ಒಂದು, ಎರಡು. ಬಿ ಅಂದ್ರ ನಡುವಿಂದು."

ಅವನ ಬೆರಳು ಎಡದಿಂದ ಹೊರಟು ಶಾಫ್ಟಿನ ಎಡತುದಿಗೆ ಬಂದು ನಿಂತಿತು.

"ಬಿ ನಡುವಿಂದು ಖರೆ. ಮ್ಯಾಲಿಂದ ಎಣಿಸಿದ್ರೂ ಕೆಳಗಿಂದ ಎಣಿಸಿದ್ರೂ ನಡುವಿಂದ. ಆದ್ರ ಅಂಕಿ ನೋಡ್ರಿ."

ಎಲ್ಲರೂ ಬಗ್ಗಿದರು. ಮೇಲಂಚಿನಲ್ಲಿ ಎಡದಿಂದ ಮೊದಲಿಗೆ ಇದ್ದದ್ದು ನಾಲ್ಕು. ಆಮೇಲೆ ಮೂರು, ಎರಡು. ಒಂದು ಇದ್ದದ್ದು ಬಲತುದಿಗೆ.

"ಬಲದಿಂದ ಎಣಿಸ್ಯಾರ," ಎಂದಳು. ಎರಡರ ಕೆಳಗೆ ಬೆರಳು ಇಳಿಸಿ, ಬಿಯಿಂದ ಇನ್ನೊಂದು ಬೆರಳು ಅಡ್ಡ ತಂದಳು. ಎರಡೂ ಬೆರಳು ಕೂಡಿದ್ದು ಶಾಫ್ಟಿನ ಬಲತುದಿಯಲ್ಲಿ. ಅಲ್ಲಿ ಇಪ್ಪತ್ತನಾಲ್ಕು ಇತ್ತು. ಎಡತುದಿಯ ಇಪ್ಪತ್ತೈದು ಹಾಗೆಯೇ ಇತ್ತು. "ಬದಲಾದದ್ದು ಚಕ್ರ ಕೂಡೂ ತುದಿ. ನಕ್ಷೆಯೊಳಗ ಕಪ್ಲಿಂಗಿನ ತುದಿ ಯಾರೂ ಮುಟ್ಟಿಲ್ಲ."

ಭಾಗಪ್ಪನಿಗೆ ಖುಷಿಯಾಯಿತು. "ಹೌದು ನೋಡು! ನಮ್ಮ ಪಂಪಿನ ನಕ್ಷೆಗಳು ಮೂಲದಾಗ ಅಮೆರಿಕಾದವು. ಅವರು ಹಂಗ ಎಣಿಸ್ತಾರ. ಅಂಚಿನ ಮ್ಯಾಲೆ ಬರದದ್ದ ಅದಲ್ಲ!"

"ಅಂಚು ಎಲ್ಲಿ ಅದರಿ ನಮ್ಮ ಹಲಗೀ ಮ್ಯಾಲೆ?" ಎಂದ ಇನ್ನೊಬ್ಬ ಟರ್ನರ್ ಯಾಕೂಬ. "ಬಲದಿಂದ ಎಣಿಸೋಣೇನ್ರಿ ಅಂತ ನಾ ಚ್ಯಾಷ್ಟಿ ಮಾಡಿದ್ದೆ. ಇದೇನು ಉರ್ದು ಸಾಲಿ ಅನಕೊಂಡೇನಲೇ, ಅಂತ ಇಂಜಿನೇರ ಸಾಹೇಬ್ರು ಬೈದ್ರು."

ಯಾರೋ ಕಿಸಕ್ಕನೆ ನಕ್ಕರು. ಕುತುಬುದ್ದೀನನ ಕಿವಿ ಕೆಂಪಾಯಿತು. ಕಿಸೆಯ ಪೆನ್ಸಿಲಿನ ಮೇಲೆ ಅವನಿಗೆ ಅರಿವಿಲ್ಲದೆ ಕೈ ಹೋಯಿತು.

ಸಾವಂತ್ರಿ ಅಪ್ಪನತ್ತ ನೋಡಿದಳು. ರಾಕ್ಷಸನ ಜೀವ ಸಿಕ್ಕಿತ್ತು. ಕತೆಯಲ್ಲಾದರೆ ಈಗ ಸೆರೆಮನೆಯ ಬಾಗಿಲು ತಾನಾಗಿ ತೆರೆಯಬೇಕು. ಅಪ್ಪನ ಮುಖದಲ್ಲೂ ಒಂದು ಗಳಿಗೆ ಅಂಥದ್ದೇನೋ ಸುಳಿಯಿತು.

"ಹಂಗಾರ ಯಾರ ಹೆಸರು ಬರೀಲಿ?" ಎಂದು ಭಾಗಪ್ಪ ಪೆನ್ನು ತೆಗೆದ.

ಕಾಸಿಮಸಾಬ ನೆಲದ ಹಾಳೆ ನೋಡಿದ, ಗೋಡೆಯ ಹಲಗೆ ನೋಡಿದ, ಅಳಿಯನನ್ನು ಮಾತ್ರ ನೋಡಲಿಲ್ಲ. ಮೂಲೆಯಿಂದ ಉಳಿ ತಂದು, ಹಲಗೆಯ ಮೇಲಿನ ಕೆಂಪು ಅಂಕಿಯನ್ನು ನಿಧಾನವಾಗಿ ಕೆರೆದ. ವಾರ್ನಿಷಿನ ಹುಡಿ ನೆಲಕ್ಕೆ ಉದುರಿತು.

"ಶಾಫ್ಟ್ ಕೊರದವ ಯಾರೋ ಅವನ ಹೆಸರು ಬರೀರಿ."

"ಸಾವ್ಕಾರ್ರ!" ಸಾವಂತ್ರಿ ಎದ್ದು ನಿಂತಳು. "ಈಗ ನಿಮ್ಮ ಮುಂದನ ತೋರಿಸಿದ್ನಲ್ಲ? ಅಪ್ಪ ಹಲಗೀ ಮ್ಯಾಲೆ ಇದ್ದದ್ದ ಕೊರದಾನ. ಭಾಗಪ್ಪ ಕಾಕಾ, ನೀವರ ಹೇಳ್ರಿ!"

ಭಾಗಪ್ಪ ಪೆನ್ನಿನ ಟೊಪ್ಪಿಗೆ ಬಿಚ್ಚುತ್ತಿದ್ದ. "ನನಗ ಕಾರ್ಖಾನಿ ತಪ್ಪಿಲ್ಲ ಅನ್ನೂದು ಬೇಕಿತ್ತು ತಂಗಿ, ನೀ ತೋರಿಸಿದಿ, ಭಾಳ ಚಲೋ ಆತು. ಇನ್ನ ಹೆಸರು ಯಾವುದಾದ್ರೇನು, ಸಾವ್ಕಾರ್ರು ಹೇಳಿದ್ದು ಬರಕೊಂಡ ಹೋಗಾಂವ ನಾ." ಅ-ಮೋ-ಘಿ ಎಂದು ಬಾಯಲ್ಲಿ ಅನ್ನುತ್ತ ಬರೆದ.

ಸೈಕಲ್ ಹೋದ ಮೇಲೆ ಕಾಸಿಮಸಾಬ ಅಮೋಘಿಯ ಹತ್ತಿರ ಬಂದ. "ನನಗ ಕಣ್ಣಿಲ್ಲ ಅನಬ್ಯಾಡ ಅಮೋಘಿ. ಅಳಿಯನ ಹೆಸರು ಹೊರಗ ಹೋದ್ರ ನನ್ನ ಮಗಳ ಬಾಳೇವು ಹಾಳಾಗ್ತದ. ನಿನಗೂ ಮಗಳಿದ್ದಾಳ, ನಿನಗ ತಿಳೀತದ."

ಅಮೋಘಿ ಬುತ್ತಿಯನ್ನು ಕೈಗೆತ್ತಿಕೊಂಡ.

"ನಿನ್ನ ಮಗಳ ಸುದ್ದಿನ ಹೇಳ್ತೀನಿ. ಸೋಮವಾರದಿಂದ ಬರಲಿ. ನಕ್ಷೆ ನೋಡೂ ಕೆಲಸಾ ಇಕಿಗೆ ಕೊಡ್ತೀನಿ. ಇನ್ನ ಮುಂದ ಅಂಚು ಕತ್ತರಸೂದಿಲ್ಲ." ಸಾವಂತ್ರಿಯ ತಲೆ ಮುಟ್ಟಲು ಕೈ ಎತ್ತಿ, ಅವಳು ಹಿಂದೆ ಸರಿದಾಗ ಇಳಿಸಿದ. "ಇಂಥಾ ಕಣ್ಣು ಇಡೀ ವಿಜಾಪುರದಾಗ ಇಲ್ಲ."

ಬುತ್ತಿ ಬಿಚ್ಚದೆ ಹಾಗೆಯೇ ತಿರುಗಿ ಹೊರಟಿತು. ತಿಕೋಟಾ ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಅಪ್ಪ ಮಗಳು ಕುಳಿತರು. ಅಮೋಘಿಯ ಕೈ ಎಂದಿನ ಎಣ್ಣೆಯಿಂದ ಇನ್ನೂ ಕಪ್ಪಗಿತ್ತು.

"ನಾ ಹೋಗಂಗಿಲ್ಲ ಯಪ್ಪಾ."

"ಹೋಗಬೇಕು."

"ನಿನ್ನ ಹೆಸರು ಕೆರದವರ ಮನಿಗಾ?"

"ನನ್ನ ಹೆಸರು ಎಲ್ಲಿ ಕೆರದ್ರು, ಬರಕೊಂಡ ಹೋದ್ರಲ್ಲ," ಎಂದು ಅವನು ನಕ್ಕ. ನಗು ನೋಡಲು ಚೆನ್ನಾಗಿರಲಿಲ್ಲ. "ನೀ ಬಾಯಿ ಮುಚಗೊಂಡು ಕುಂತಿದ್ರ, ಕಾರ್ಖಾನಿಯವರದ ತಪ್ಪಿರಬೇಕು ಅಂತ ನಾಕು ದಿನಾ ಜಗಳ ಎಳೀತಿತ್ತು. ಅಷ್ಟು ದಿನಾರ ಕೆಲಸಾ ಇರ್ತಿತ್ತು."

"ಖರೆ ಹೇಳಿದ್ದು ತಪ್ಪಾತಾ?"

"ತಪ್ಪಲ್ಲ ಬೇ. ಖರೇನ ಹೇಳಿದಿ. ಅದಕ್ಕ ನಿನಗ ಕೆಲಸಾ ಸಿಕ್ತು." ಅವನು ರಸ್ತೆಯತ್ತ ತಿರುಗಿದ. "ಮನ್ಯಾಗ ಒಬ್ಬರರ ದುಡೀಬೇಕು. ಸೋಮವಾರ ಹೋಗು."

ಬಸ್ಸು ದೂಳೆಬ್ಬಿಸಿಕೊಂಡು ಬಂತು. ಜನ ಬಾಗಿಲಿಗೆ ಮುತ್ತಿದರು. ಅಮೋಘಿ ಏಳಲಿಲ್ಲ.

"ನನ್ನ ಲೇತಿನಾಗ ಉಳಿ ಸರಸೂ ಅಡ್ಡ ತಿರುಪು ಸವದದ," ಎಂದ. "ಹಿಂದಕ್ಕ ತಿರುಗಿಸಿದ ಮ್ಯಾಲೆ ಅದರ ಸಡಿಲು ತಗದು ಮುಂದ ಹೋಗಬೇಕು. ಇಲ್ಲಂದ್ರ ಅಳತಿ ಕೈಕೊಡ್ತದ. ಹೊಸಾಂವ ಬಂದ್ರ ಅವಗ ಹೇಳು."

"ಹೂಂ."

ಕಂಡಕ್ಟರ್ ಸೀಟಿ ಊದಿದ. ಅಮೋಘಿ ಈಗ ಎದ್ದ. ಮೆಟ್ಟಿಲ ಮೇಲೆ ಕಾಲಿಟ್ಟವನು, ಹಿಂದೆ ನಿಂತ ಮಗಳತ್ತ ಕತ್ತು ಹೊರಳಿಸಿದ.

"ಬ್ಯಾಡ. ಹೇಳಬ್ಯಾಡ," ಎಂದ. "ಅವನೂ ತಪ್ಪಲಿ."

ಅವನು ಗಂಡಸರ ಕಡೆ ಹಿಂದಕ್ಕೆ ಹೋದ, ಅವಳಿಗೆ ಮುಂದೆ ಜಾಗ ಸಿಕ್ಕಿತು. ತಿಕೋಟಾ ಬರುವವರೆಗೂ ಅವಳು ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಹೇಳಿದರೆ ಅಪ್ಪನ ಮಾತು ಮೀರಿದಂತೆ. ಹೇಳದಿದ್ದರೆ, ಆ ಲೇತಿನ ಮುಂದೆ ನಿಲ್ಲಲಿರುವ, ಇನ್ನೂ ಮುಖ ಕಾಣದ ಒಬ್ಬನ ಹೆಸರನ್ನು ಭಾಗಪ್ಪ ಬಾಯಲ್ಲಿ ಅನ್ನುತ್ತ ಬರೆದುಕೊಳ್ಳುತ್ತಾನೆ. ತಿರುಗಿ ಅಪ್ಪನನ್ನು ನೋಡಬೇಕೆನಿಸಿತು. ನೋಡಲಿಲ್ಲ.