ದವಡೆಯಡಿಯ ಗಂಟು

ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ಕಾಡಸಿದ್ದಪ್ಪನ ಕೈ ಎಡದವಡೆಯ ಕೆಳಗೆ ಹೋಗಿಬಿಡುತ್ತಿತ್ತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ, ನೊಣವಿನಕೆರೆಯಲ್ಲಿ ತೋಟ ಇದ್ದ ಆಸಾಮಿ. ಊಟ ಎಂದರೆ ಜೀವ ಬಿಡುತ್ತಿದ್ದವನು ಈಗ ತಟ್ಟೆ ಕಂಡರೆ ಹೆದರುತ್ತಿದ್ದ. ಎರಡು ತುತ್ತು ಇಳಿಯುವಷ್ಟರಲ್ಲಿ ದವಡೆಯಡಿ ಬಿಗಿದುಕೊಂಡು ನಿಂಬೆಹಣ್ಣಿನಷ್ಟು ಊದುತ್ತಿತ್ತು. ನೋವು ಕಿವಿಯವರೆಗೂ ಸೆಳೆಯುತ್ತಿತ್ತು. ಕೈ ತೊಳೆದು ಸ್ವಲ್ಪ ಹೊತ್ತು ಅಡ್ಡಾಡಿದರೆ ಊತ ತಾನಾಗಿಯೇ ಇಳಿಯುತ್ತಿತ್ತು.

ಇಳಿದರೂ ಅವನಿಗೆ ಸಮಾಧಾನವಿರಲಿಲ್ಲ. ಪಕ್ಕದ ಮಂಡಿಯ ಮರುಳಪ್ಪನಿಗೂ ಕತ್ತಿನಲ್ಲಿ ಗಂಟು ಬಂದಿತ್ತು. ಇಬ್ಬರೂ ಒಂದೇ ಡಬ್ಬಿಯ ಹೊಗೆಸೊಪ್ಪು ಹಾಕುತ್ತಿದ್ದವರು. ಮರುಳಪ್ಪ ತೀರಿಕೊಂಡು ವರ್ಷವಾಗಿರಲಿಲ್ಲ. ಕಾಡಸಿದ್ದಪ್ಪ ಮಂಡಿಯಲ್ಲಿ ಗಾದಿಯ ಮೇಲೆ ಕೂರಲಾರದೆ ಕೊಬ್ಬರಿ ಚೀಲಗಳ ಸುತ್ತ ಸುತ್ತುತ್ತಿದ್ದ, ಹೇಳಿದ ಧಾರಣೆಯನ್ನೇ ಮರೆತು ಮತ್ತೆ ಕೇಳುತ್ತಿದ್ದ, ಹಮಾಲರ ಮೇಲೆ ರೇಗುತ್ತಿದ್ದ. ಮನೆಯಲ್ಲಿ ಗಂಜಿ ಸಾಕು ಎನ್ನುತ್ತಿದ್ದ. ಹೆಂಡತಿ ಗಿರಿಜಾಂಬಿಕಾ ತನ್ನ ಮೇಲೆ ಏನೋ ಸಿಟ್ಟಿರಬೇಕೆಂದುಕೊಂಡು ತಾನೂ ಮಾತು ಕಡಿಮೆ ಮಾಡಿದ್ದಳು.

ಗುಟ್ಟು ಹೊರಬಿದ್ದದ್ದು ಅವಳ ಅಣ್ಣನ ಮಗಳ ಮದುವೆಯಲ್ಲಿ. ಪಂಕ್ತಿಯಲ್ಲಿ ಕೂತವನು ಮರೆತು ಮಾವಿನಕಾಯಿ ಉಪ್ಪಿನಕಾಯಿ ನಾಲಿಗೆಗೆ ತಾಗಿಸಿದ. ಹುಳಿ ತಾಗಿದ್ದೇ ತಡ, ದವಡೆಯಡಿ ಒಡೆಯುವುದೇನೋ ಅನ್ನುವಷ್ಟು ಬಿಗಿಯಿತು. ಎಲೆ ಬಿಟ್ಟು ಎದ್ದೇಬಿಟ್ಟ. ನಡು ಊಟದಲ್ಲಿ ಹಾಗೆ ಏಳುವುದುಂಟೇ ಎಂದು ನೆಂಟರೆಲ್ಲ ತಿರುಗಿ ನೋಡಿದರು. ಗಿರಿಜಾಂಬಿಕಾ ಅವನ ಹಿಂದೆಯೇ ಛತ್ರದ ಹಿತ್ತಲಿಗೆ ಬಂದು ಅವನ ಕೈ ಸರಿಸಿ ನೋಡಿದಳು.

"ಎಷ್ಟ್ ದಿನದಿಂದ ಹಿಂಗದೆ?"

"ಏನಿಲ್ಲ ಕಣೇ, ಬುಡು."

"ಮರುಳಪ್ಪಣ್ಣನೂ ಇದೇ ಮಾತು ಹೇಳ್ತಿದ್ದ ಕಣ್ರೀ."

ಅವಳು ಅಷ್ಟು ಹೇಳಿದ ಮೇಲೆ ಡಾಕ್ಟರಿಗೆ ತೋರಿಸಲು ಒಪ್ಪಿದ. ಆದರೆ ತಿಪಟೂರಿನ ಆಸ್ಪತ್ರೆಗೆ ಮಾತ್ರ ಒಲ್ಲೆ ಎಂದ. ಅಲ್ಲಿ ಎಲ್ಲರೂ ಗುರುತಿನವರೇ. ಮರುದಿನ ಇಬ್ಬರೂ ತುರುವೇಕೆರೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವನು ಕಿಟಕಿಯ ಸರಳನ್ನು ಹಿಡಿಯುವುದು, ಬಿಡುವುದು ಮಾಡುತ್ತಲೇ ಇದ್ದ.

ಕಿವಿ, ಮೂಗು, ಗಂಟಲಿನ ಡಾಕ್ಟರು ವನಿತಾ ಅವನ ಮಾತನ್ನೆಲ್ಲ ಕೇಳಿ, ಊದುವುದು ಊಟದ ಹೊತ್ತಿಗೆ ಮಾತ್ರವೋ, ಆಮೇಲೆ ಇಳಿಯುತ್ತದೋ, ಜ್ವರವಿದೆಯೋ ಎಂದು ವಿಚಾರಿಸಿದರು. ಆಮೇಲೆ ಒಂದು ಹೋಳು ನಿಂಬೆ ಚೀಪಲು ಕೊಟ್ಟರು. ಅವರ ಕಣ್ಣೆದುರೇ ಗಂಟು ಎದ್ದಿತು. ಗ್ಲೌಸು ಹಾಕಿದ ಒಂದು ಬೆರಳನ್ನು ನಾಲಿಗೆಯಡಿ, ಇನ್ನೊಂದು ಕೈಯನ್ನು ಹೊರಗೆ ದವಡೆಯಡಿ ಇಟ್ಟು ಮೆಲ್ಲಗೆ ಒತ್ತಿ ನೋಡಿದರು.

"ಕಲ್ಲು ಕೈಗೆ ಸಿಕ್ತಾ ಇದೆ" ಎಂದರು ಡಾಕ್ಟರು. "ದವಡೆ ಕೆಳಗೆ ಜೊಲ್ಲು ಮಾಡೋ ಗ್ರಂಥಿ ಇದೆ. ಅಲ್ಲಿಂದ ಒಂದು ಸಣ್ಣ ನಾಳ ನಾಲಿಗೆಯಡಿಗೆ ಬರುತ್ತೆ. ನಿಮ್ಮ ತೋಟದ ಡ್ರಿಪ್ ಪೈಪಲ್ಲಿ ಬಿಳೀ ಗಸಿ ಕಟ್ಟಲ್ವಾ, ಹಾಗೆ ಜೊಲ್ಲಿನ ಸುಣ್ಣದಂಶ ಆ ನಾಳದಲ್ಲಿ ಗಟ್ಟಿಯಾಗಿದೆ. ಊಟಕ್ಕೆ ಕೂತ್ರೆ ಜೊಲ್ಲು ಸುರಿಯುತ್ತೆ, ದಾರಿ ಇಲ್ಲ, ಗ್ರಂಥಿ ಊದುತ್ತೆ. ಆಮೇಲೆ ಕಲ್ಲಿನ ಪಕ್ಕದಿಂದ ನಿಧಾನಕ್ಕೆ ಸೋರಿ ಇಳಿಯುತ್ತೆ."

ಹಾಗಾದರೆ ಬೋರ್‌ವೆಲ್ಲಿನ ಗಡಸು ನೀರು ಕುಡಿದದ್ದಕ್ಕೋ ಎಂದು ಗಿರಿಜಾಂಬಿಕಾ ಕೇಳಿದಳು. ಅಲ್ಲ, ನೀರು ಕಡಿಮೆ ಕುಡಿದರೆ ಜೊಲ್ಲು ಮಂದವಾಗಿ ಕಲ್ಲಿಗೆ ದಾರಿಯಾಗುತ್ತದೆ, ಅಷ್ಟೇ ಎಂದರು. ಕಾಡಸಿದ್ದಪ್ಪ ತಡೆಯಲಾರದೆ ಕೇಳಿದ:

"ಮೇಡಂ, ಅದಲ್ವಾ? ಕ್ಯಾನ್ಸರ್?"

"ಈ ಊತ ಅದಲ್ಲ."

ಎಕ್ಸ್‌ರೇಯಲ್ಲಿ ಜೋಳದ ಕಾಳಿನಷ್ಟು ಬಿಳಿಚುಕ್ಕೆ ಕಂಡಿತು. ಮೊದಲು ನೀರು ಚೆನ್ನಾಗಿ ಕುಡಿದು, ಬಿಸಿ ಶಾಖ ಕೊಟ್ಟು, ಹುಳಿ ಚೀಪಿ, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ನೀವಿಕೊಳ್ಳಲು ಹೇಳಿದರು. ಸಣ್ಣ ಕಲ್ಲಾದರೆ ಹಾಗೇ ಹೊರಬೀಳುವುದುಂಟು. ಜ್ವರ ಬಂದರೆ, ನಾಲಿಗೆಯಡಿ ಕೀವು ಕಂಡರೆ ತಕ್ಷಣ ಬನ್ನಿ ಎಂದರು. ಅವನು ಮಂಡಿಯಲ್ಲೇ ನಿಂಬೆ ಚೀಪಿದ, ನೀವಿದ, ಕನ್ನಡಿಯಲ್ಲಿ ನಾಲಿಗೆಯೆತ್ತಿ ಇಣುಕಿದ. ಕಲ್ಲು ಜಗ್ಗಲಿಲ್ಲ.

ಮತ್ತೆ ಹೋದಾಗ ಡಾಕ್ಟರು ನಾಲಿಗೆಯಡಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಕಲ್ಲು ಹಿಂದಕ್ಕೆ ಜಾರದಂತೆ ಅದರ ಹಿಂದೆ ಒಂದು ದಾರ ಬಿಗಿದು, ನಾಳವನ್ನು ಸ್ವಲ್ಪ ಸೀಳಿದರು. ಕಲ್ಲು ಈಚೆ ಬರುತ್ತಲೇ ಹಿಂದೆ ತಡೆದಿದ್ದ ಜೊಲ್ಲು ಮಂದವಾಗಿ, ಬಗ್ಗಡವಾಗಿ ಹರಿಯಿತು. ದವಡೆಯಡಿಯ ಬಿಗಿ ಸಡಿಲವಾದದ್ದು ಬಾಯಿ ಮರಗಟ್ಟಿದ್ದರೂ ಅವನಿಗೆ ಗೊತ್ತಾಯಿತು. ಆದರೆ ಡಾಕ್ಟರು ಟಾರ್ಚು ಆರಿಸಲಿಲ್ಲ. ಬಲಗೆನ್ನೆಯ ಒಳಗೆ, ಅವನು ಹೊಗೆಸೊಪ್ಪು ಒತ್ತರಿಸುತ್ತಿದ್ದ ಜಾಗದಲ್ಲಿ, ಒಂದು ಒರಟು ಬಿಳೀ ಮಚ್ಚೆ ಕಂಡಿತ್ತು.

"ಆ ಕಲ್ಲು ಹೊಗೆಸೊಪ್ಪಿಂದ ಬಂದಿದ್ದಲ್ಲ. ಈ ಮಚ್ಚೆ ಅದರಿಂದಲೇ. ಇವತ್ತಿಂದ ಬಿಡಿ. ಎರಡು ವಾರದಲ್ಲಿ ಹೋಗದಿದ್ರೆ ಒಂದು ಚೂರು ತೆಗೆದು ಪರೀಕ್ಷೆ ಮಾಡ್ಬೇಕು."

ಗಾಯ ಮಾಗಿದ ಮೇಲೆ ಗಿರಿಜಾಂಬಿಕಾ ಹುಳಿಸಾರು ಮಾಡಿ ಎದುರಿಗೇ ಕೂತಳು. ಅವನು ಅಂಜುತ್ತಲೇ ಒಂದು ತುತ್ತು ನುಂಗಿದ, ಇನ್ನೊಂದು ನುಂಗಿದ. ಏನೂ ಊದಲಿಲ್ಲ. ಅವಳು ಮತ್ತೆ ಬಡಿಸಿದಳು. ಅವನು ತಟ್ಟೆ ಖಾಲಿ ಮಾಡಿದ. ಉಣ್ಣುತ್ತಿದ್ದಾಗಲೂ ನಾಲಿಗೆ ಬಲಗೆನ್ನೆಯ ಒರಟನ್ನು ಹುಡುಕಿಕೊಂಡು ಹೋಗುತ್ತಲೇ ಇತ್ತು. ಕೈ ತೊಳೆದು ಬಂದವನೇ, ಎರಡು ವಾರ ತುಂಬುವ ಸೋಮವಾರ ತುರುವೇಕೆರೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.

"ನಾನೂ ಬತ್ತೀನಿ" ಎಂದಳು ಗಿರಿಜಾಂಬಿಕಾ.